ಊಟದ ಪರದೆಯ ಸ್ವಿಚ್

ಕುರಾಮಿತ್ಸು ಚಿಜುರುವಿಗೆ ಸಿಟ್ಟು ಜಾಸ್ತಿ ಎಂಬುದು ಫುಕುವೊಕಾದ ಆ ಸಣ್ಣ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೊಸದಾಗಿ ಸೇರಿದವರಿಗೆ ಕಾಫಿ ಯಂತ್ರ ಎಲ್ಲಿದೆ ಎಂದು ತೋರಿಸುವಾಗಲೇ ಇದನ್ನೂ ಕಿವಿಗೆ ಹಾಕುತ್ತಿದ್ದರು. ಅವಳು ಕೂಗುವವಳಲ್ಲ. ಸಿಟ್ಟು ಬಂದರೆ ದನಿ ತಗ್ಗುತ್ತದೆ, ಮಾತು ತೀರಾ ಮರ್ಯಾದೆಯದಾಗುತ್ತದೆ, ಎದುರಿದ್ದವರಿಗೆ ಬೆನ್ನು ಬೆವರುತ್ತದೆ.

ಅವಳಿಗೆ ಆಗ ನಲವತ್ತಾರು. ಅದಕ್ಕೂ ಮೊದಲು ಹನ್ನೊಂದು ವರ್ಷ ಶಿಶುವಿಹಾರದಲ್ಲಿ ಟೀಚರ್ ಆಗಿದ್ದಳು. ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಹೋಯಿತು. ಹಾಲು ಒಗ್ಗದ ಎರಡು ವರ್ಷದ ಮಗುವೊಂದು ಪಕ್ಕದವಳ ಬಟ್ಟಲಿಗೆ ಕೈಹಾಕಿ ಕುಡಿದು, ಉಸಿರಿಗೆ ಒದ್ದಾಡಿದ್ದನ್ನು ತನ್ನ ತೊಡೆಯ ಮೇಲೇ ನೋಡಿದ್ದಳು. ಮಗು ಬದುಕಿತು. ಆದರೆ ಇಪ್ಪತ್ತು ಮಕ್ಕಳಿಗೆ ಇಬ್ಬರೇ ಟೀಚರು ಸಾಲದು ಎಂದು ಅವಳು ಮುಖ್ಯಸ್ಥರ ಮೇಜಿನ ಮುಂದೆ ನಿಂತು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೆಲಸ ಬಿಟ್ಟಳು. ಸಂಜೆಯ ತರಗತಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿತಳು. ಶಿಶುವಿಹಾರಗಳಿಗೆ ಆ್ಯಪ್ ಮಾಡುವ ಕಂಪನಿಯೊಂದು ಊರ ನಡುವಿನ ತೆಂಜಿನ್‌ನಲ್ಲಿದೆ ಎಂದು ತಿಳಿದು ಅಲ್ಲಿ ಸೇರಿದಳು.

ಆ್ಯಪ್‌ನಲ್ಲಿ ಊಟದ ಪರದೆ ಅವಳದೇ ಕೂಸು. ತಟ್ಟೆ ಬಡಿಸುವ ಹೊತ್ತಿಗೆ ಟೀಚರು ಟ್ಯಾಬ್‌ನಲ್ಲಿ ಆ ಪರದೆ ತೆರೆಯುತ್ತಾರೆ. ಮಕ್ಕಳ ಹೆಸರಿನ ಪಟ್ಟಿ ಇರುತ್ತದೆ. ಮೊಟ್ಟೆಯೋ ಹಾಲೋ ಗೋಧಿಯೋ ಒಗ್ಗದ ಮಗುವಿನ ಹೆಸರಿನ ಅಡ್ಡಕ್ಕೂ ದಪ್ಪನೆಯ ಕೆಂಪು ಪಟ್ಟಿ. ನೋಡಲು ಚೆಂದವಿಲ್ಲ, ಏಳು ವರ್ಷದ ಹಳೆಯದು. ಆದರೆ ಅದನ್ನು ನೋಡದೆ ದಾಟಿಹೋಗುವುದು ಯಾರಿಗೂ ಸಾಧ್ಯವಿರಲಿಲ್ಲ.

ಅದನ್ನು ಬದಲಿಸಬೇಕೆಂದವನು ಸಾಗಿಸಾಕಾ. ಆ್ಯಪ್‌ನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ವಿಭಾಗದ ಮುಖ್ಯಸ್ಥ, ಮೂವತ್ತನಾಲ್ಕರ ಚುರುಕು ಮನುಷ್ಯ. ಹೆಸರಿನ ಬದಲು ಮಕ್ಕಳ ಮುಖದ ಫೋಟೊ ಇರುವ ಕಾರ್ಡುಗಳು, ಕೆಳಗೆ ಸಣ್ಣದಾಗಿ ಒಗ್ಗದ ಪದಾರ್ಥದ ಗುರುತು. ಬದಲಿಗೆ ಬಂದ ಟೀಚರಿಗೂ ಮಗು ಯಾರೆಂದು ಥಟ್ಟನೆ ಗೊತ್ತಾಗುತ್ತದೆ ಎಂಬುದು ಅವನ ವಾದ. ಅದರಲ್ಲಿ ಹುರುಳಿತ್ತು. ಚಿಜುರು ಒಪ್ಪಿ ತಾನೇ ಕಟ್ಟಿಕೊಟ್ಟಳು.

ಒಂದು ಷರತ್ತು ಮಾತ್ರ ಹಾಕಿದಳು. ಹಳೆಯದನ್ನು ಕಿತ್ತುಹಾಕುವಂತಿಲ್ಲ. ಎರಡೂ ಪರದೆ ಆ್ಯಪ್‌ನ ಒಳಗೇ ಇರಬೇಕು. ಯಾವುದನ್ನು ತೋರಿಸಬೇಕೆಂದು ಟ್ಯಾಬು ತಾನೇ ಕಂಪನಿಯ ಸರ್ವರನ್ನು ಕೇಳಬೇಕು. ಆ್ಯಪ್ ತೆರೆದಾಗೊಮ್ಮೆ, ಆಮೇಲೆ ಐದೈದು ನಿಮಿಷಕ್ಕೊಮ್ಮೆ. ಕಸುಬಿನವರು ಇದಕ್ಕೆ ಫ್ಲ್ಯಾಗ್ ಅನ್ನುತ್ತಾರೆ, ಅವರ ಆಫೀಸಿನಲ್ಲಿ ಸ್ವಿಚ್ ಎನ್ನುತ್ತಿದ್ದರು. ಆ್ಯಪ್‌ನ ಹೊಸ ಆವೃತ್ತಿ ಹೊರಡಿಸಿದರೆ ಆ್ಯಪ್ ಸ್ಟೋರಿನವರು ಪರಿಶೀಲಿಸಬೇಕು, ಆಮೇಲೆ ಶಿಶುವಿಹಾರದವರು ಪುರುಸೊತ್ತಾದಾಗ ಹಾಕಿಕೊಳ್ಳಬೇಕು, ವಾರವೇ ಹಿಡಿಯುತ್ತದೆ. ಸ್ವಿಚ್ ಆದರೆ ಆಫೀಸಿನಲ್ಲಿ ಕೂತು ಒಂದು ಅಂಕಿ ತಿದ್ದಿದರೆ ಸಾಕು, ಐದು ನಿಮಿಷದಲ್ಲಿ ಹಳೆಯ ಪರದೆ ವಾಪಸ್ಸು.

ಹೊಸ ಪರದೆಯನ್ನು ಒಬ್ಬೊಬ್ಬ ಟೀಚರಿಗೆ ಹಂಚದೆ ಶಿಶುವಿಹಾರದ ಲೆಕ್ಕದಲ್ಲಿ ಹಂಚಬೇಕೆಂದು ಪಟ್ಟು ಹಿಡಿದವಳೂ ಅವಳೇ. ಒಂದೇ ಕೋಣೆಯಲ್ಲಿ ಇಬ್ಬರು ಟೀಚರ ಕೈಯಲ್ಲಿ ಬೇರೆ ಬೇರೆ ಪರದೆ ಬಂದರೆ ಗತಿಯೇನು? ಒಟ್ಟು ಸಾವಿರದ ಒಂಬೈನೂರು ಶಿಶುವಿಹಾರ. ಮೊದಲು ನೂರಕ್ಕೆ ಐದು, ಒಂದು ವಾರ ಕಾದು ಇಪ್ಪತ್ತು, ಆಮೇಲೆ ಐವತ್ತು. ಊಟದ ನಡುವೆ ಸ್ವಿಚ್ ಆರಿಸಿದರೂ ಬಡಿಸಿದ್ದಾಯಿತೆಂದು ಆಗಲೇ ಹಾಕಿದ ಟಿಕ್ಕುಗಳು ಅಳಿಯದಂತೆ ಎರಡೂ ಪರದೆಗಳು ಒಂದೇ ಕಡೆ ಬರೆಯುವ ಹಾಗೆ ಮಾಡಿದಳು.

ಸೋಮವಾರ ನೂರಕ್ಕೆ ಐದಕ್ಕೆ ತೆರೆದರು. ಮಂಗಳವಾರ ಮಧ್ಯಾಹ್ನ ಅದೇ ಊರಿನ ನಿಶಿಜಿನ್‌ನ ಒಂದು ಶಿಶುವಿಹಾರದಿಂದ ಫೋನು ಬಂತು. ಮುಖ್ಯಸ್ಥೆ ತೊಕುನಾಗಾ, ಅರವತ್ತೆರಡರ ಹೆಂಗಸು. ಕಾರ್ಡುಗಳು ಮುದ್ದಾಗಿವೆ, ಆದರೆ ತನ್ನ ಟ್ಯಾಬ್‌ನಲ್ಲಿ ಯಾವ ಮಗುವಿಗೂ ಗುರುತೇ ಕಾಣುತ್ತಿಲ್ಲ, ಇದು ಹೀಗೇ ಇರುವುದೋ ಎಂದು ಸಂಕೋಚದಿಂದ ಕೇಳಿದಳು. ಅಕ್ಷರ ದೊಡ್ಡದು ಮಾಡಿಟ್ಟಿದ್ದೀರಾ ಎಂದು ಚಿಜುರು ಕೇಳಿದಳು. ಮಾಡದಿದ್ದರೆ ನನಗೆ ಓದೋಕಾಗಲ್ಲವಲ್ಲ ಎಂದಳು ತೊಕುನಾಗಾ.

ಚಿಜುರು ತನ್ನ ಟ್ಯಾಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿ ನೋಡಿದಳು. ಮಗುವಿನ ಹೆಸರು ಹಿಗ್ಗಿ ಎರಡು ಸಾಲಾಗಿತ್ತು. ಕೆಳಗಿನ ಗುರುತು ಕಾರ್ಡಿನ ಅಂಚಿನಾಚೆ ಜಾರಿ ಮರೆಯಾಗಿತ್ತು. ಗುರುತಿಲ್ಲದ ಕಾರ್ಡು ಎಂದರೆ ಏನು ಬೇಕಾದರೂ ತಿನ್ನಬಹುದಾದ ಮಗು ಎಂದೇ ಅರ್ಥ. ಅವಳಿಗೆ ಸಿಟ್ಟು ಬಂತು, ಮೊದಲು ತನ್ನ ಮೇಲೇ. ಪರೀಕ್ಷೆ ಮಾಡಿದವಳು ತಾನು, ದೊಡ್ಡ ಅಕ್ಷರದಲ್ಲಿ ನೋಡಿರಲಿಲ್ಲ. ಎರಡೇ ನಿಮಿಷದಲ್ಲಿ ಸ್ವಿಚ್ಚನ್ನು ಸೊನ್ನೆಗೆ ತಂದಳು. ತೊಕುನಾಗಾಗೆ ಫೋನು ಮಾಡಿ, ತೆಗೆದಿದ್ದೇವೆ, ಸರಿಯಾಗುವವರೆಗೆ ಮತ್ತೆ ಬರುವುದಿಲ್ಲ ಎಂದು ಮಾತು ಕೊಟ್ಟಳು.

ಸಾಗಿಸಾಕಾನಿಗೆ ವಿಷಯ ಮುಟ್ಟಿಸಿದಾಗ ಅವನ ಮುಖ ಗಂಟಾಯಿತು. ಬುಧವಾರ ಬೆಳಿಗ್ಗೆ ಹತ್ತೂವರೆಗೆ ಮುನ್ನೂರು ಶಿಶುವಿಹಾರ ನಡೆಸುವ ದೊಡ್ಡ ಸಂಸ್ಥೆಯೊಂದರ ಮುಂದೆ ಅವನು ಹೊಸ ಪರದೆ ತೋರಿಸುವುದಿತ್ತು. ಅಕ್ಷರ ದೊಡ್ಡದು ಮಾಡಿಕೊಳ್ಳುವವರು ಎಷ್ಟು ಮಂದಿ ಮಹಾ ಎಂದ. ನೂರಕ್ಕೆ ನಲವತ್ತು ಟ್ಯಾಬ್ ಎಂದು ಚಿಜುರು ಲೆಕ್ಕ ತೆಗೆದು ತೋರಿಸಿದಳು. ಟೀಚರಲ್ಲಿ ಐವತ್ತು ದಾಟಿದವರು ಬಹಳ. ತೋರಿಸಲೇಬೇಕೆಂದರೆ ಅವನ ಟ್ಯಾಬ್‌ನಲ್ಲಿರುವ ಮಾದರಿ ಶಿಶುವಿಹಾರ ಒಂದರ ಹೆಸರನ್ನಷ್ಟೇ ಸ್ವಿಚ್‌ಗೆ ಸೇರಿಸಿದರೆ ಸಾಕು, ಎರಡು ನಿಮಿಷದ ಕೆಲಸ ಎಂದಳು. ಅವನು ತಲೆಯಾಡಿಸಿದ. ಅದನ್ನು ಅವಳು ಒಪ್ಪಿಗೆ ಅಂದುಕೊಂಡಳು.

ಬುಧವಾರ ಬೆಳಿಗ್ಗೆ ಅವಳು ಕಾರ್ಡು ತಿದ್ದುವುದರಲ್ಲಿ ಮುಳುಗಿದ್ದಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಸಾಗಿಸಾಕಾ ಮಾದರಿ ಶಿಶುವಿಹಾರವನ್ನಷ್ಟೇ ಸೇರಿಸಿಕೊಂಡಿದ್ದಾನೆಯೇ ನೋಡೋಣವೆಂದು ಸ್ವಿಚ್‌ನ ಪುಟ ತೆರೆದಳು. ಅಂಕಿ ನೂರು ಎಂದಿತ್ತು. ನೂರಕ್ಕೆ ನೂರು. ಪಕ್ಕದಲ್ಲಿ ಬದಲಿಸಿದವರ ಹೆಸರು ಸಾಗಿಸಾಕಾ, ಸಮಯ ಬೆಳಗಿನ ಎಂಟು ಗಂಟೆ ಹನ್ನೆರಡು ನಿಮಿಷ. ಸೊನ್ನೆ ಮಾಡಲು ಹೋದರೆ ಗುಂಡಿ ಮಂಕಾಗಿತ್ತು, ಒತ್ತಲು ಬರಲಿಲ್ಲ. ಅವಳಿಗೆ ನೋಡುವ ಹಕ್ಕು ಮಾತ್ರ ಉಳಿದಿತ್ತು. ಬದಲಿಸುವ ಹಕ್ಕನ್ನು ಅದೇ ಬೆಳಿಗ್ಗೆ, ಎಂಟು ಗಂಟೆ ಹದಿಮೂರು ನಿಮಿಷಕ್ಕೆ ಕಿತ್ತುಕೊಳ್ಳಲಾಗಿತ್ತು.

ಅವಳು ಆ ಎರಡು ಸಮಯಗಳನ್ನು ಮತ್ತೊಮ್ಮೆ ಓದಿದಳು. ಎಂಟು ಗಂಟೆ ಹದಿಮೂರು ನಿಮಿಷ. ಒಂದು ನಿಮಿಷ ಯೋಚಿಸಿದ್ದಾನೆ, ಇವಳು ಮತ್ತೆ ಆರಿಸಿಬಿಡುತ್ತಾಳೆ ಎಂದು. ಅಂದರೆ ಆರಿಸಬೇಕಾದ್ದು ಅವನಿಗೂ ಗೊತ್ತಿತ್ತು.

ಪುಟ್ಟ ಮಕ್ಕಳ ಊಟ ಹನ್ನೊಂದೂಕಾಲಿಗೆ. ಸಾಗಿಸಾಕಾನಿಗೆ ಫೋನು ಮಾಡಿದಳು, ಬಂದ್ ಆಗಿತ್ತು. ಇನ್ನು ಹಕ್ಕಿದ್ದವನು ಸರ್ವರ್ ನೋಡಿಕೊಳ್ಳುವ ಇಬೆ ಒಬ್ಬನೇ. ಮೂರು ಮೇಜು ಆಚೆ ಕೂತಿದ್ದ. ಅವಳು ಹೋಗಿ ಅವನ ಪಕ್ಕ ನಿಂತು ವಿಷಯ ಹೇಳಿದಳು. ಇಬೆ ಮೆತ್ತಗಿನ ಮನುಷ್ಯ. ಸಾಗಿಸಾಕಾ ಬೆಳಿಗ್ಗೆ ತನಗೆ ಬರೆದದ್ದನ್ನು ತೋರಿಸಿದ: ಮಧ್ಯಾಹ್ನದವರೆಗೆ ಯಾರೂ ಮುಟ್ಟಬಾರದು.

"ಅವರ ಹತ್ರ ಒಂದ್ಮಾತು ಕೇಳ್ದೆ ನಾನು ಹೆಂಗೆ ಮಾಡ್ಲಿ, ಕುರಾಮಿತ್ಸು ಸಾನ್? ನಂದೂ ಕೆಲಸ ಹೋಗುತ್ತೆ."

"ಇಬೆ ಸಾನ್, ಇನ್ನು ಹತ್ತು ನಿಮಿಷಕ್ಕೆ ತಟ್ಟೆ ಬಡಿಸ್ತಾರೆ," ಎಂದಳು ಅವಳು, ದನಿ ತಗ್ಗಿಸಿ. "ಇವತ್ತು ಏನಾದ್ರೂ ಆದ್ರೆ ಆ ಮಗು ತಾಯಿ ಹತ್ರ ನಾವಿಬ್ರೂ ಹೋಗೋಣ. ಸ್ವಿಚ್ ಎಲ್ಲಿದೆ ಅಂತ ನಂಗೆ ಗೊತ್ತಿತ್ತು, ಬೆರಳೂ ಇತ್ತು, ಅಪ್ಪಣೆ ಬಂದಿರ್ಲಿಲ್ಲ ಅಂತ ನೀವೇ ಹೇಳಿ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಇಬೆ ಸ್ವಿಚ್ಚಿನ ಪುಟ ತೆರೆದ. ಆಮೇಲೆ ಸೊನ್ನೆ ಒತ್ತಿದ. ಹನ್ನೊಂದು ಗಂಟೆ ಆರು ನಿಮಿಷ.

ಹನ್ನೊಂದು ಗಂಟೆ ಒಂಬತ್ತಕ್ಕೆ ಸಾಗಿಸಾಕಾನ ಫೋನು ಬಂತು. ಗೋಡೆಯ ದೊಡ್ಡ ಪರದೆಯ ಮೇಲೆ ಅತಿಥಿಗಳಿಗೆ ತೋರಿಸುತ್ತಿದ್ದ ಮುದ್ದು ಕಾರ್ಡುಗಳು ಅವರ ಕಣ್ಣೆದುರೇ ಮಾಯವಾಗಿ, ಏಳು ವರ್ಷದ ಹಳೆಯ ಕೆಂಪು ಪಟ್ಟಿ ಬಂದು ಕೂತಿತ್ತಂತೆ. ಸಾವಿರದ ಒಂಬೈನೂರು ಕಡೆ ಆಗಲೇ ಬಳಕೆಯಲ್ಲಿದೆ ಎಂಬ ಮಾತು ಅವನ ಬಾಯಲ್ಲೇ ಇತ್ತಂತೆ. ಅಷ್ಟಕ್ಕೆ ಅವಳಿಗೆ ಎಲ್ಲವೂ ಬಿಡಿಸಿ ಹೇಳಿದ ಹಾಗಾಯಿತು. ಒಂದು ಶಿಶುವಿಹಾರಕ್ಕೆ ತೆರೆದಿದ್ದರೆ ಆ ಮಾತು ಹೇಳಲಾಗುತ್ತಿರಲಿಲ್ಲ. ಆ ಒಂದು ಸಾಲಿಗಾಗಿ ಇಷ್ಟೂ ಮಕ್ಕಳ ಊಟಕ್ಕೆ ಕೈಹಾಕಿದ್ದ.

"ಸಾಗಿಸಾಕಾ ಸಾನ್, ಈಗ ಮಾತಾಡೋಕೆ ನನಗೆ ಪುರುಸೊತ್ತಿಲ್ಲ, ಕ್ಷಮಿಸಿ," ಎಂದು ಇಟ್ಟುಬಿಟ್ಟಳು.

ನಿಜಕ್ಕೂ ಪುರುಸೊತ್ತಿರಲಿಲ್ಲ. ಯಾವ ಶಿಶುವಿಹಾರದ ಟ್ಯಾಬ್ ಕೊನೆಯ ಸಲ ಯಾವಾಗ ಕೇಳಿತು, ಏನು ಉತ್ತರ ಪಡೆಯಿತು ಎಂಬುದು ಸರ್ವರ್‌ನಲ್ಲಿ ದಾಖಲಾಗುತ್ತದೆ. ಹನ್ನೊಂದೂ ಹದಿನಾಲ್ಕರ ಹೊತ್ತಿಗೆ ಬಹುತೇಕ ಎಲ್ಲವೂ ಸೊನ್ನೆಯನ್ನು ಪಡೆದಿದ್ದವು. ಹದಿನಾಲ್ಕು ಶಿಶುವಿಹಾರ ಮಾತ್ರ ಬೆಳಿಗ್ಗೆ ಒಮ್ಮೆ ಕೇಳಿದ ಮೇಲೆ ಮತ್ತೆ ಕೇಳಿಯೇ ಇರಲಿಲ್ಲ. ನೆಟ್‌ವರ್ಕ್ ಇಲ್ಲದಿದ್ದಾಗ ಟ್ಯಾಬ್ ಸುಮ್ಮನೆ ಕೊನೆಯ ಉತ್ತರವನ್ನೇ ನೆನಪಿಟ್ಟುಕೊಂಡು ಅದರಂತೆ ನಡೆಯುತ್ತದೆ. ಬೆಳಿಗ್ಗೆ ಹೊಸ ಪರದೆ ಎಂಬ ಉತ್ತರ ಸಿಕ್ಕಿದ್ದರೆ ಹೊಸ ಪರದೆಯೇ. ಹಾಗೆ ಮಾಡಿಟ್ಟವಳೂ ಅವಳೇ. ನೆಟ್ ಹೋದಾಗಲೆಲ್ಲ ಪರದೆ ಹಿಂದೆ ಮುಂದೆ ಕುಣಿಯಬಾರದೆಂದು.

ಅವಳೂ ಇಬೆಯೂ ಫೋನು ಹಿಡಿದು ಕೂತರು. ಟ್ಯಾಬ್ ಪಕ್ಕಕ್ಕಿಡಿ, ಅಡುಗೆಮನೆಯ ಕಾಗದದ ಪಟ್ಟಿ ನೋಡಿ. ಹದಿಮೂರು ಕಡೆ ಯಾರೋ ಎತ್ತಿದರು. ಹದಿನಾಲ್ಕನೆಯದು ನಿಶಿಜಿನ್, ತೊಕುನಾಗಾಳ ಶಿಶುವಿಹಾರ. ಫೋನು ಹೊಡೆದುಕೊಂಡೇ ಇತ್ತು. ಊಟದ ಹೊತ್ತಲ್ಲಿ ಆಫೀಸು ಕೋಣೆಯಲ್ಲಿ ಯಾರಿರುತ್ತಾರೆ? ಚಿಜುರು ಮತ್ತೆ ಮತ್ತೆ ಮಾಡಿದಳು, ಆಮೇಲೆ ಕೋಟು ತೋಳಿಗೆ ಹಾಕಿಕೊಂಡು ಕೆಳಗಿಳಿದು ಟ್ಯಾಕ್ಸಿ ಹತ್ತಿದಳು.

ಅವಳು ಮುಟ್ಟಿದಾಗ ಹನ್ನೊಂದೂ ನಲವತ್ತೆಂಟು. ಗೇಟಿನ ಮುಂದೆ ಆಂಬುಲೆನ್ಸ್ ನಿಂತಿತ್ತು.

ಮೂರು ವರ್ಷದ ಇತ್ಸುಕಿಗೆ ಮೊಟ್ಟೆ ಒಗ್ಗದು. ಅವನ ಮೊದಲ ತಟ್ಟೆ ಅಡುಗೆಮನೆಯಿಂದ ಬೇರೆಯಾಗಿಯೇ ಬಂದಿತ್ತು, ಅದರಲ್ಲಿ ತಪ್ಪಿರಲಿಲ್ಲ. ಪಕ್ಕದವರ ತಟ್ಟೆಯಲ್ಲಿದ್ದ ಹಳದಿ ಮೊಟ್ಟೆಯ ಸುರುಳಿ ಬೇಕೆಂದು ಎರಡನೇ ಸಲ ಕೈಯೊಡ್ಡಿದ. ಅವನ ತರಗತಿಯ ಟೀಚರ್ ಅಂದು ರಜೆ. ಬದಲಿಗೆ ಬಂದಿದ್ದವಳು ಮೊಗಾಮಿ, ಇಪ್ಪತ್ಮೂರರ ಹುಡುಗಿ. ಕಲಿಸಿಕೊಟ್ಟ ಹಾಗೆಯೇ ಮಾಡಿದಳು: ತಟ್ಟೆ ಕೆಳಗಿಟ್ಟು, ಮುಖ್ಯಸ್ಥೆ ಕೊಟ್ಟಿದ್ದ ಟ್ಯಾಬ್ ತೆಗೆದು, ಇತ್ಸುಕಿಯ ಕಾರ್ಡು ಹುಡುಕಿ ನೋಡಿದಳು. ನಗುವ ಮುಖ, ದೊಡ್ಡ ಹೆಸರು, ಗುರುತೇನೂ ಇಲ್ಲ. ಒಂದು ತುಂಡು ಕೊಟ್ಟಳು. ದಪ್ಪ ಗೋಡೆಯ ಆ ಊಟದ ಕೋಣೆಗೆ ವೈಫೈ ಮುಟ್ಟುತ್ತಿರಲಿಲ್ಲ, ಟ್ಯಾಬ್ ಬೆಳಗಿನ ಉತ್ತರವನ್ನೇ ಹಿಡಿದಿತ್ತು.

ಮಗುವಿನ ತುಟಿ ಊದಿ, ಕುತ್ತಿಗೆಯೆಲ್ಲ ದದ್ದೆದ್ದಿತ್ತು. ತೊಕುನಾಗಾ ಅಲರ್ಜಿಗೆ ಕೊಡುವ ಚುಚ್ಚುಮದ್ದಿನ ಪೆನ್ನನ್ನು ಅವನ ತೊಡೆಗೆ ಒತ್ತಿದ್ದಳು. ಆಂಬುಲೆನ್ಸ್ ಹೊರಟ ಮೇಲೆ ಅವಳು ಚಿಜುರುವನ್ನು ನೋಡಿದಳು. ಚಿಜುರು ಹೆಸರು ಹೇಳಿದ ಮೇಲೇ ಗುರುತು ಸಿಕ್ಕಿತು. ಫೋನಿನ ದನಿ ಮಾತ್ರ ಗೊತ್ತಿದ್ದದ್ದು.

"ನಿನ್ನೆ ನೀವೇ ತೆಗೆದಿದೀವಿ ಅಂದ್ರಲ್ಲಾ," ಎಂದಳು. "ಅದಕ್ಕೇ ನಾನು ಇವತ್ತು ನೋಡ್ಲಿಲ್ಲ."

ಚಿಜುರು ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು, ಎತ್ತಲಿಲ್ಲ. ಮೊಗಾಮಿ ಶೂ ಇಡುವ ಗೂಡಿಗೆ ಒರಗಿ ಕೂತು, ಏಪ್ರನ್ ತುದಿಯನ್ನು ಹಿಂಡುತ್ತಿದ್ದಳು.

ಮಗು ಸಂಜೆಗೆ ಚೇತರಿಸಿಕೊಂಡಿತು, ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು.

ಗುರುವಾರ ಕಂಪನಿಯಲ್ಲಿ ಒಂದು ಹೇಳಿಕೆ ತಯಾರಾಯಿತು. ಸಾಗಿಸಾಕಾ ಬರೆದದ್ದು, ಅಧ್ಯಕ್ಷರು ಓದಿ ಒಪ್ಪಿದ್ದು. ಕೆಲವು ಟ್ಯಾಬ್‌ಗಳಲ್ಲಿ ಅಕ್ಷರದ ಅಳತೆಗೆ ತಕ್ಕಂತೆ ತೋರಿಕೆಯಲ್ಲಿ ವ್ಯತ್ಯಾಸ ಕಂಡುಬಂದಿತ್ತು. ಕೂಡಲೇ ಕ್ರಮ ಕೈಗೊಳ್ಳಲಾಯಿತು. ಊಟಕ್ಕೆ ಮುನ್ನ ಕಾಗದದ ಪಟ್ಟಿಯನ್ನೂ ತಾಳೆ ನೋಡಬೇಕೆಂದು ಶಿಶುವಿಹಾರಗಳಲ್ಲಿ ಮತ್ತೊಮ್ಮೆ ವಿನಂತಿ. ಓದುತ್ತ ಓದುತ್ತ ಚಿಜುರುವಿನ ದನಿ ತಗ್ಗಿತು. ಈ ಮಾತಿನಲ್ಲಿ ತಪ್ಪು ಯಾರದ್ದಾಯಿತು ಎಂದು ಕೇಳಿದಳು. ಯಾರದ್ದೂ ಅಲ್ಲ ಎಂದ ಸಾಗಿಸಾಕಾ.

"ಕಾಗದ ನೋಡ್ಲಿಲ್ಲ ಅಂತ ಬರ್ದಿದೀರಿ. ನೋಡ್ಬೇಕಾಗಿದ್ದವಳು ಆ ಹುಡುಗಿ. ಅವಳ ತಲೆಗೆ ಕಟ್ಟಿದ ಹಾಗಾಯ್ತು. ಅಂಕಿ ನೂರು ಮಾಡಿದ್ದು ಯಾರು ಅಂತ ಇದ್ರಲ್ಲಿ ಎಲ್ಲಿದೆ?"

"ಕುರಾಮಿತ್ಸು ಸಾನ್, ಆ ಕಾರ್ಡು ಕಟ್ಟಿದ್ದು ನೀವು. ಅದನ್ನೂ ಬರೀಬೇಕಾ?"

"ಬರೀರಿ," ಎಂದಳು ಅವಳು. "ದೊಡ್ಡ ಅಕ್ಷರದಲ್ಲಿ ಪರೀಕ್ಷೆ ಮಾಡ್ದೇ ಇದ್ದೋಳು ನಾನು ಅಂತ ಬರೀರಿ. ನೆಟ್ ಇಲ್ದೇ ಇದ್ರೆ ಹಳೇ ಉತ್ತರಾನೇ ನಂಬ್ಕೊಳ್ಳೋ ಹಾಗೆ ಮಾಡಿಟ್ಟೋಳೂ ನಾನೇ. ಕೆಳಗಡೆ ನಿಮ್ಮ ಎಂಟು ಗಂಟೆ ಹನ್ನೆರಡು, ಎಂಟು ಗಂಟೆ ಹದಿಮೂರು ಎರಡನ್ನೂ ಬರೀರಿ. ಗೊತ್ತಿದ್ದೂ ಮಾಡಿದ್ದಕ್ಕೂ ಗೊತ್ತಿಲ್ದೇ ಮಾಡಿದ್ದಕ್ಕೂ ಏನು ವ್ಯತ್ಯಾಸ ಅಂತ ಓದೋರಿಗೆ ತಿಳೀಲಿ."

ಬರೆಯಲಿಲ್ಲ. ಹೇಳಿಕೆ ಹಾಗೆಯೇ ಹೋಯಿತು. ಯಾರೂ ಹೊರಗೆ ಮಾತಾಡಬಾರದು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು.

ಶುಕ್ರವಾರ ಅವಳು ರಜೆ ಹಾಕಿ ನಿಶಿಜಿನ್‌ಗೆ ಹೋದಳು. ಇತ್ಸುಕಿಯ ತಾಯಿ ಶಿರೋಯಾಮಾ, ಔಷಧದಂಗಡಿಯಲ್ಲಿ ಕೆಲಸ ಮಾಡುವವಳು, ಆ ಹೊತ್ತಿಗೆ ಮುಖ್ಯಸ್ಥೆಯ ಕೋಣೆಯಲ್ಲಿದ್ದಳು. ಮೊಗಾಮಿಯನ್ನು ಇನ್ನು ನನ್ನ ಮಗನ ಹತ್ತಿರ ಬಿಡಬೇಡಿ ಎಂದು ಹೇಳಲು ಬಂದಿದ್ದಳು. ಚಿಜುರು ತನ್ನ ಹೆಸರು ಹೇಳಿ, ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ಸ್ವಿಚ್ಚಿನ ದಾಖಲೆ. ಮಂಗಳವಾರ ಸೊನ್ನೆ, ಬುಧವಾರ ನೂರು, ತನ್ನ ಹಕ್ಕು ಕಿತ್ತದ್ದು, ಮತ್ತೆ ಸೊನ್ನೆ. ಒಂದೊಂದು ಸಾಲನ್ನೂ ಬೆರಳಿಟ್ಟು ವಿವರಿಸಿದಳು. ಮೊಗಾಮಿ ಟೀಚರ್ ಕೊಡುವ ಮುಂಚೆ ನೋಡಿದ್ದಾರೆ, ನಾವು ತೋರಿಸಿದ್ದೇ ಸುಳ್ಳು ಎಂದಳು.

ತಾಯಿ ಆ ಕಾಗದವನ್ನು ಸಾಲು ಸಾಲಾಗಿ ಓದಿದಳು. ಚಿಜುರು ಏನನ್ನು ನಿರೀಕ್ಷಿಸಿದ್ದಳೋ, ಸಿಕ್ಕಿದ್ದು ಅದಲ್ಲ.

"ಇದನ್ನ ತಂದು ತೋರ್ಸಿದ್ದಕ್ಕೆ ನಾನು ನಿಮಗೆ ಉಪಕಾರ ಅನ್ಬೇಕಾ?" ಎಂದಳು ತಾಯಿ. "ನನ್ನ ಮಗ ಆ ನೂರರಲ್ಲಿ ಒಬ್ಬ. ಅವನು ಊಟಕ್ಕೆ ಕೂರೋ ಹೊತ್ತಲ್ಲಿ ನೀವು ಆಫೀಸಲ್ಲಿ ಯಾರಿಗೆ ಹಕ್ಕಿದೆ ಅಂತ ಕೇಳ್ತಾ ಕೂತಿದ್ರಿ. ಆ ಮನುಷ್ಯ ಎಷ್ಟು ಕೆಟ್ಟೋನೋ, ಅವನಿಗೆ ಆ ಗುಂಡಿ ಕೊಟ್ಟಿದ್ದೂ ನಿಮ್ಮ ಕಂಪನಿನೇ ತಾನೆ."

ತಾಯಿ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಮೊಗಾಮಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಕಾಗದ ನಗರಸಭೆಯ ಮಕ್ಕಳ ವಿಭಾಗಕ್ಕೆ ಮುಟ್ಟಿತು. ಅಲ್ಲಿಂದ ಕಂಪನಿಗೆ ಪ್ರಶ್ನೆಗಳು ಬಂದವು, ಎರಡನೇ ಹೇಳಿಕೆ ಹೊರಬಿತ್ತು; ಇದರಲ್ಲಿ ಶಿಶುವಿಹಾರದವರ ತಪ್ಪಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಸಾಗಿಸಾಕಾನನ್ನು ಬೇರೆ ವಿಭಾಗಕ್ಕೆ ಹಾಕಿದರು. ಅಪ್ಪಣೆ ಮೀರಿದ್ದಕ್ಕೆ ಚಿಜುರುವಿಗೂ ಎಚ್ಚರಿಕೆ ಪತ್ರ ಬಂತು, ಬೋನಸ್ ಕಡಿಮೆಯಾಯಿತು. ಪತ್ರಕ್ಕೆ ಅವಳು ಸಹಿಯ ಬದಲಿನ ಮೊಹರು ಒತ್ತಿದಳು.

ಆದರೆ ಅದೇ ವಾರ ಒಂದು ನಿಯಮವನ್ನು ಬರೆಸಿಕೊಂಡೇ ಬಿಟ್ಟಳು. ಸ್ವಿಚ್ಚಿನ ಅಂಕಿ ಏರಿಸಲು ಇಬ್ಬರ ಒಪ್ಪಿಗೆ ಬೇಕು. ಇಳಿಸಲು ಯಾರ ಒಪ್ಪಿಗೆಯೂ ಬೇಡ. ಅಂದು ಕೆಲಸದಲ್ಲಿರುವ ಯಾವ ಎಂಜಿನಿಯರಾದರೂ ಕೇಳದೆ ಸೊನ್ನೆ ಮಾಡಬಹುದು, ಕಾರಣ ಆಮೇಲೆ ಹೇಳಿದರಾಯಿತು. ಟ್ಯಾಬ್ ಹತ್ತು ನಿಮಿಷ ಸರ್ವರ್ ಮಾತು ಕೇಳದೆ ಇದ್ದರೆ ನೆನಪಿಟ್ಟುಕೊಂಡ ಉತ್ತರವನ್ನು ಮರೆತು ಹಳೆಯ ಪರದೆಗೆ ಹೋಗಬೇಕು. ಪರದೆ ಕುಣಿದರೆ ಕುಣಿಯಲಿ. ತಿದ್ದಿದ ಕಾರ್ಡು ನಾಲ್ಕು ತಿಂಗಳ ನಂತರ ನೂರಕ್ಕೆ ಒಂದರಿಂದ ಮತ್ತೆ ಹೊರಟಿತು. ಆ ಒಂದರಲ್ಲಿ ಸೇರಿಸಿಕೊಳ್ಳಲೇ ಎಂದು ತೊಕುನಾಗಾಳನ್ನು ಕೇಳಿದಾಗ, ನಾವು ಕಾಗದದಲ್ಲೇ ಇರ್ತೀವಿ ಎಂದಳು.

ಮೊಗಾಮಿ ಮಾರ್ಚ್ ಕೊನೆಯಲ್ಲಿ ಕೆಲಸ ಬಿಟ್ಟಳು. ಯಾರೂ ಬಿಡು ಅಂದಿರಲಿಲ್ಲ. ಮಕ್ಕಳು ಎರಡನೇ ಸಲ ಕೈಯೊಡ್ಡಿದರೆ ಬಡಿಸಲು ಅವಳಿಂದ ಆಗುತ್ತಿರಲಿಲ್ಲವಂತೆ. ಚಿಜುರು ಎರಡು ಸಲ ಅವಳಿಗೆ ಪತ್ರ ಬರೆದಳು, ಉತ್ತರ ಬರಲಿಲ್ಲ. ಅವಳು ಈಗ ಮೊಮೊಚಿ ಕಡೆಯ ಒಂದು ಹೂವಿನ ಅಂಗಡಿಯಲ್ಲಿದ್ದಾಳೆ ಎಂದು ಯಾರೋ ಹೇಳಿದರು. ಚಿಜುರು ಆ ಬೀದಿಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು? ಅವಳ ಒಳಗಿನ ಸಿಟ್ಟು ಮಾತ್ರ ಇಳಿದಿಲ್ಲ. ಯಾರಾದರೂ ಮೀಟಿಂಗಿನಲ್ಲಿ, ಇದೊಂದು ಸಲ ಒಮ್ಮೆಲೇ ಎಲ್ಲರಿಗೂ ತೆರೆದುಬಿಡೋಣ ಎಂದರೆ, ಅವಳು ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ, ಯಾಕೆ ಎಂದು ಕೇಳುತ್ತಾಳೆ. ಉತ್ತರ ಬರುವವರೆಗೆ ಕಣ್ಣು ತೆಗೆಯುವುದಿಲ್ಲ.